ಕರಡಿ ಬಾಗಿಲು ತಟ್ಟಲಿಲ್ಲ

ಬೆಳಿಗ್ಗೆಯಿಂದ ನನ್ನ ಗಂಟಲು ಮುಷ್ಕರ ಹೂಡಿದೆ. ನೆಗಡಿಯಿಲ್ಲ, ಜ್ವರವಿಲ್ಲ; ಇದಕ್ಕೆಲ್ಲ ಕಾರಣ ಒಂದು ಕರಡಿ. ನಿನ್ನೆ ರಾತ್ರಿ ಆ ಕರಡಿ ಒಂದು ಬಾಗಿಲನ್ನು ತಟ್ಟದೆ ಮುಂದೆ ಹೋಗಬೇಕಿತ್ತು. ಅದು ಹೋಗುವುದರಲ್ಲೂ ಇತ್ತು. ಅಷ್ಟರಲ್ಲಿ ನಮ್ಮ ಅಪ್ಪ ಅದರ ಪರವಾಗಿ ಬಾಗಿಲು ತಟ್ಟಿಬಿಟ್ಟರು. ಅಲ್ಲಿಂದ ಮುಂದೆ ಒಂದು ಗಂಟೆಯ ಹೊತ್ತು ನಾನು ಕರಡಿಯಾಗಿ, ಇಲಿಯಾಗಿ, ಇಲಿಯ ಹೆಂಡತಿಯಾಗಿ, ಎಚ್ಚರಗೊಂಡ ಇಲಿಮರಿಗಳಾಗಿ ಮಾತನಾಡಬೇಕಾಯಿತು. ಈ ಪೈಕಿ ಇಲಿಯ ಹೆಂಡತಿ ನನ್ನ ಕಥೆಯಲ್ಲಿ ಇರಲೇ ಇಲ್ಲ. ಇಂದು ಕಚೇರಿಯಲ್ಲಿ ಯಾರಾದರೂ ಧ್ವನಿಗೆ ಏನಾಯಿತು ಎಂದು ಕೇಳಿದರೆ ನಿಜವನ್ನು ಹೇಳುವ ಧೈರ್ಯ ನನಗಿಲ್ಲ.

ಕಥೆ ಹೇಳಿದರೆ ಮಕ್ಕಳಿಗೆ ನಿದ್ದೆ ಬರುತ್ತದೆ ಎಂಬ ಸುದ್ದಿಯನ್ನು ಮೊದಲು ಹಬ್ಬಿಸಿದವರು ಯಾರೋ ತಿಳಿಯದು. ನಿದ್ದೆ ಬರುವುದು ಹೇಳುವವರಿಗೆ. ಮೊದಮೊದಲು ನಾನೂ ಎಲ್ಲರಂತೆ ಒಂದೇ ರಾಗದಲ್ಲಿ ಕಥೆ ಓದುತ್ತಿದ್ದೆ ಮತ್ತು ಮಗಳಿಗಿಂತ ಮೊದಲೇ ಪುಸ್ತಕವನ್ನು ಮುಖದ ಮೇಲೆ ಬೀಳಿಸಿಕೊಳ್ಳುತ್ತಿದ್ದೆ. ಒಂದು ರಾತ್ರಿ ಅವಳು, "ಅಪ್ಪಾ, ಇಲಿ ಯಾಕೆ ನಿನ್ನ ಹಾಗೇ ಮಾತಾಡುತ್ತೆ? ಅದಕ್ಕೆ ಅದರದ್ದೇ ಧ್ವನಿ ಇಲ್ವಾ?" ಎಂದು ಕೇಳಿದಳು. ಕೇಳಿದ್ದು ನ್ಯಾಯವಾಗಿಯೇ ಇತ್ತು, ನಾನು ಇಲಿಗೆ ಒಂದು ಧ್ವನಿ ಕೊಟ್ಟೆ. ಇಲಿಗೆ ಕೊಟ್ಟ ಮೇಲೆ ಕಪ್ಪೆಗೆ ಕೊಡದಿರಲು ಆಗುವುದಿಲ್ಲ. ಹೀಗೆ ಶುರುವಾದ ಧ್ವನಿದಾನ ಇಂದು ನನ್ನನ್ನು ಈ ಸ್ಥಿತಿಗೆ ತಂದಿದೆ. ಇದರಲ್ಲಿ ಹಿಂದಿರುಗುವ ದಾರಿಯಿಲ್ಲ. ತನ್ನ ಚಪ್ಪಲಿಯ ಇನ್ನೊಂದು ಕಾಲು ಎಲ್ಲಿದೆ ಎಂದು ಹೇಳಲಾಗದ ಮಗು, ಎಂದೋ ಒಂದು ಕಥೆಯಲ್ಲಿ ಎರಡೇ ಮಾತು ಆಡಿ ಹಾರಿಹೋದ ಕಾಗೆಯ ಧ್ವನಿಯನ್ನು ಮಾತ್ರ ಎಳ್ಳಷ್ಟೂ ಮರೆಯುವುದಿಲ್ಲ.

ಪುಸ್ತಕ ನೋಡಿ ಓದುವವರಿಗೆ ಕನ್ನಡದಲ್ಲಿ ಒಂದು ವಿಶೇಷ ಕಂಟಕವಿದೆ. ಯಾರು ಮಾತನಾಡಿದರು ಎಂಬುದು ನಮ್ಮಲ್ಲಿ ಬಹುಪಾಲು ಮಾತು ಮುಗಿದ ಮೇಲೆಯೇ ತಿಳಿಯುತ್ತದೆ. "ಈ ಕತ್ತಲಲ್ಲಿ ನದಿ ದಾಟುವುದು ಹೇಗೆ? ನನಗೆ ಈಜು ಬಾರದು, ದೋಣಿಯೂ ಇಲ್ಲ, ಜೊತೆಗೆ ಯಾರೂ ಇಲ್ಲವಲ್ಲ" ಎಂದು ಮೂರು ಸಾಲಿನ ಅಳಲನ್ನು ಸಣ್ಣ ಇಲಿಯ ಧ್ವನಿಯಲ್ಲಿ ಕರುಣಾಜನಕವಾಗಿ ತೋಡಿಕೊಂಡು ಪುಟ ತಿರುಗಿಸಿದರೆ, ಮುಂದಿನ ಪುಟದ ಮೊದಲ ಸಾಲಿನಲ್ಲಿ "ಎಂದು ಆನೆ ಚಿಂತಿಸಿತು" ಎಂದಿರುತ್ತದೆ. ಆಗ ಇಡೀ ಅಳಲನ್ನು ಮತ್ತೆ ಆನೆಯ ಗಂಟಲಿನಲ್ಲಿ ತೋಡಿಕೊಳ್ಳಬೇಕು. "ಬಿಡು ಮಗಳೇ, ಆನೆಗೆ ನೆಗಡಿಯಾಗಿತ್ತು" ಎಂಬ ಸಮಜಾಯಿಷಿ ಒಮ್ಮೆ ನಡೆದೀತು. ಎರಡನೆಯ ಸಲ ಹೇಳಿದರೆ ಆನೆಗೆ ಔಷಧ ಕೊಡಿಸಿದೆಯಾ ಎಂಬ ಪ್ರಶ್ನೆ ಬರುತ್ತದೆ. ಇದಕ್ಕೆ ಇರುವ ಮದ್ದು ಒಂದೇ: ಹಗಲಿನಲ್ಲಿಯೇ ಒಮ್ಮೆ ಓದಿಕೊಂಡು, ಪ್ರತಿ ಮಾತಿನ ಕೊನೆಯಲ್ಲಿರುವ ಹೆಸರನ್ನು ಪೆನ್ಸಿಲಿನಲ್ಲಿ ಮಾತಿನ ಮೊದಲಿಗೆ ತಂದು ಗುರುತು ಹಾಕುವುದು.

ಅಷ್ಟೆಲ್ಲ ಗುರುತು ಹಾಕುವ ಬದಲು ನಾನೇ ಒಂದು ಕಥೆಯನ್ನು ಹಾಳೆಗಳ ಮೇಲೆ ಬರೆದುಕೊಂಡೆ. ಕರಡಿಯೊಂದಕ್ಕೆ ರಾತ್ರಿ ನಿದ್ದೆ ಬರುವುದಿಲ್ಲ. ನಿದ್ದೆ ಎಲ್ಲೋ ಕಳೆದುಹೋಗಿದೆ ಎಂದು ತಿಳಿದು ಅದನ್ನು ಹುಡುಕುತ್ತ ಹೊರಟು, ದಾರಿಯಲ್ಲಿ ಸಿಕ್ಕವರನ್ನೆಲ್ಲ "ನನ್ನ ನಿದ್ದೆಯನ್ನು ಕಂಡಿರಾ?" ಎಂದು ಕೇಳುತ್ತದೆ. ಇಲಿ, ಕಪ್ಪೆ, ಆಮೆ, ಕೊನೆಗೆ ಗೂಬೆ, ಇಷ್ಟೇ ಪಾತ್ರಗಳು. ಪ್ರತಿ ಪಾತ್ರದ ಮಾತಿನ ಮೊದಲಿಗೆ ಒಂದೊಂದು ಬಣ್ಣದ ಚುಕ್ಕೆ. ಸದ್ದು ಬರಬೇಕಾದ ಕಡೆ ಚೌಕದೊಳಗೆ ಸೂಚನೆ. ಮಗಳಿಗೆ ಓದಲು ಬಾರದಿದ್ದರೂ ಬಣ್ಣಗಳು ಚೆನ್ನಾಗಿ ಗೊತ್ತು. ಪರಿಣಾಮವಾಗಿ ಈಗ ಅವಳು ನನ್ನ ಪಕ್ಕದಲ್ಲಿ ಮಲಗಿ ಕಥೆ ಕೇಳುವುದಿಲ್ಲ. ಹಾಳೆಯ ಮೇಲೆ ಬೆರಳಿಟ್ಟು ಲೆಕ್ಕ ತಪಾಸಣೆ ಮಾಡುತ್ತಾಳೆ.

ಧ್ವನಿಗಳ ವಿಚಾರದಲ್ಲಿ ಎಲ್ಲ ಅಪ್ಪಂದಿರೂ ಅಮ್ಮಂದಿರೂ ಹಿಡಿಯುವ ಮೊದಲ ದಾರಿ, ದೊಡ್ಡ ಪ್ರಾಣಿಗೆ ಗೊಗ್ಗರು, ಸಣ್ಣ ಪ್ರಾಣಿಗೆ ಕೀರಲು. ಎರಡೂ ಗಂಟಲಿಗೆ ಶತ್ರುಗಳೇ. ಗುರುಗುಟ್ಟುವ ಕರಡಿಯನ್ನು ಹೊರಡಿಸಲು ಗಂಟಲನ್ನು ಬಿಗಿದಾಗ, ಸ್ವರತಂತುಗಳ ಜೊತೆಗೆ ಅವುಗಳ ಮೇಲಿರುವ ಇನ್ನೊಂದು ಜೋಡಿ ಮಡಿಕೆಗಳೂ ಹತ್ತಿರ ಬಂದು ಒತ್ತುತ್ತವೆ. ಆ ಒರಟು ಸದ್ದು ಬರುವುದೇ ಹಾಗೆ. ಎರಡು ಪುಟದ ಹೊತ್ತಿಗೆ ಗಂಟಲಲ್ಲಿ ಕೆರೆತ, ಮೂರನೆಯ ಪುಟದಲ್ಲಿ ಕೆಮ್ಮು. ಆಗ ಪಕ್ಕದ ಲೋಟದ ನೀರನ್ನು ಗಟಗಟ ಕುಡಿದರೆ ಸರಿಹೋಗುತ್ತದೆಂದು ನಾವೆಲ್ಲ ಭಾವಿಸುತ್ತೇವೆ. ಆದರೆ ನೀರು ಇಳಿಯುವುದು ಅನ್ನನಾಳದಲ್ಲಿ, ಸ್ವರತಂತುಗಳಿರುವುದು ಶ್ವಾಸನಾಳದ ಬಾಯಲ್ಲಿ. ಕುಡಿದ ನೀರು ಅವುಗಳನ್ನು ಮುಟ್ಟುವುದೇ ಇಲ್ಲ. ಮುಟ್ಟಿದರೆ ಅದನ್ನು ಹೊರದೂಡಲು ನಾವು ಕಣ್ಣು ಮೇಲೆ ಮಾಡಿಕೊಂಡು ಕೆಮ್ಮುತ್ತೇವೆ. ಹಗಲೆಲ್ಲ ಕುಡಿದ ನೀರಿನಿಂದ ಮೈಗೆ ಬಂದ ತೇವವೇ ರಾತ್ರಿಯ ಕರಡಿಗೂ ಸಿಗಬೇಕು.

ಕರಡಿಯನ್ನು ಹೊರಡಿಸಲು ಗಂಟಲನ್ನು ಬಿಗಿಯುವುದಲ್ಲ, ಬಾಯಿಯೊಳಗೆ ಜಾಗ ಮಾಡುವುದು ಮುಖ್ಯ. ದವಡೆಯನ್ನು ಕೆಳಗಿಳಿಸಿ, ತುಟಿಗಳನ್ನು ಗುಂಡಗೆ ಮುಂದಕ್ಕೆ ತಂದು, ಆಕಳಿಕೆ ಬರುವ ಮುನ್ನಿನ ಸ್ಥಿತಿಯಲ್ಲಿ ಗಂಟಲನ್ನು ಸಡಿಲ ಬಿಟ್ಟು ನಿಧಾನವಾಗಿ ಮಾತನಾಡಿದರೆ ಸಾಕು. ಸ್ವರತಂತುವಿನಿಂದ ತುಟಿಯವರೆಗಿನ ಕೊಳವೆ ಉದ್ದವಾದಷ್ಟೂ ಧ್ವನಿ ದೊಡ್ಡ ದೇಹದಿಂದ ಬಂದಂತೆ ಕೇಳುತ್ತದೆ. ಇಲಿಗೆ ಇದರ ತಿರುಗುಮುರುಗು. ಶ್ರುತಿಯನ್ನು ಆಕಾಶಕ್ಕೆ ಏರಿಸಬೇಕಾಗಿಲ್ಲ. ತುಟಿಯ ಅಂಚುಗಳನ್ನು ಹಿಂದಕ್ಕೆ ಎಳೆದು ನಗುತ್ತ, ಮಾತನ್ನು ತುಂಡು ತುಂಡಾಗಿ ಬೇಗ ಬೇಗ ಆಡಿದರೆ ಕೊಳವೆ ಗಿಡ್ಡವಾಗಿ ಇಲಿ ತಾನಾಗಿಯೇ ಹಾಜರಾಗುತ್ತದೆ. ಕತ್ತಲಲ್ಲಿ ಒಬ್ಬನೇ ಹಲ್ಲು ಕಿರಿಯುತ್ತ ಮಲಗಿರುವ ಗಂಡನನ್ನು ಮೊದಲ ಸಲ ಕಂಡಾಗ ನನ್ನ ಹೆಂಡತಿ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದಳೆಂಬುದನ್ನು ಇಲ್ಲಿ ದಾಖಲಿಸಿ ಮುಂದೆ ಹೋಗುತ್ತೇನೆ.

ಕಪ್ಪೆಗೆ ಮೂಗಿನ ಧ್ವನಿ. ಮೂಗಿನಲ್ಲಿ ಮಾತನಾಡುತ್ತಿದ್ದೇವೆಂದು ನಾವು ಅಂದುಕೊಂಡಿರುತ್ತೇವೆ, ನಿಜವಾಗಿ ಗಂಟಲನ್ನು ಹಿಸುಕುತ್ತಿರುತ್ತೇವೆ. ಪರೀಕ್ಷೆ ಸುಲಭ. ಮ, ನ, ಣದಂಥ ಅನುನಾಸಿಕ ಒಂದೂ ಇಲ್ಲದ ವಾಕ್ಯವೊಂದನ್ನು, "ಕಪ್ಪೆ ಕಟ್ಟೆಯ ಕೆಳಗೆ ಕೂತಿತ್ತು" ಎಂದಿಟ್ಟುಕೊಳ್ಳಿ, ಕಪ್ಪೆಯ ಧ್ವನಿಯಲ್ಲಿ ಹೇಳುತ್ತ ಮೂಗನ್ನು ಒತ್ತಿ ಹಿಡಿಯಬೇಕು. ಧ್ವನಿ ಬದಲಾದರೆ ಅದು ನಿಜವಾಗಿ ಮೂಗಿನಿಂದ ಬರುತ್ತಿದೆ. ಬದಲಾಗದಿದ್ದರೆ ಮೂಗಿಗೂ ಅದಕ್ಕೂ ಸಂಬಂಧವಿಲ್ಲ. ಆಮೆಗೆ ನಾನು ಧ್ವನಿಯನ್ನೇ ಬದಲಿಸುವುದಿಲ್ಲ, ಪದಪದದ ನಡುವೆ ನಿಲ್ಲಿಸುತ್ತೇನೆ, ಅಷ್ಟೇ. ನನ್ನ ಗಂಟಲಿಗೆ ವಿಶ್ರಾಂತಿ ಸಿಗುವುದು ಆಮೆಯ ಮಾತಿನಲ್ಲಿ ಮಾತ್ರ. ಅದರ ಮೇಲೆ ನನಗೆ ವಿಶೇಷ ಪ್ರೀತಿ. ಗೂಬೆಗೆ ಉಸಿರು ಬೆರೆತ ಮೆಲುದನಿ. ಇಲ್ಲಿ ಮಾತ್ರ ಎಚ್ಚರ ಬೇಕು: ಒತ್ತಿ ಆಡುವ ಪಿಸುಮಾತು ಗಂಟಲಿಗೆ ವಿಶ್ರಾಂತಿಯಲ್ಲ, ಎಷ್ಟೋ ಜನರಿಗೆ ಅದು ಮಾಮೂಲಿ ಮಾತಿಗಿಂತ ಹೆಚ್ಚಿನ ದಣಿವು ತರುತ್ತದೆ.

ಇಷ್ಟರವರೆಗೆ ಎಲ್ಲವೂ ನನ್ನ ಹಿಡಿತದಲ್ಲಿತ್ತು. ಕೆಟ್ಟದ್ದು ಸದ್ದಿನ ಇಲಾಖೆಯಿಂದ.

ಅಪ್ಪ ಪಕ್ಕದ ಕೋಣೆಯಲ್ಲಿ ಮಲಗುತ್ತಾರೆ. ಗೋಡೆಯಾಚೆ ಕರಡಿ ನಡೆದಾಡುತ್ತಿರುವಾಗ ಸುಮ್ಮನೆ ಮಲಗಿರುವುದು ಅವರಿಂದ ಆಗಲಿಲ್ಲ. ತಮ್ಮ ಪ್ರಾಯದಲ್ಲಿ ಹವ್ಯಾಸಿ ನಾಟಕಗಳಿಗೆ ತೆರೆಯ ಹಿಂದಿನಿಂದ ಗುಡುಗು ಮಳೆ ಒದಗಿಸಿದ ಅನುಭವ ಅವರದು. ತಗಡಿನ ಹಾಳೆಯನ್ನು ಅಲುಗಿಸಿ ಗುಡುಗು ಹುಟ್ಟಿಸಿದ ಕೈ. ಒಂದು ರಾತ್ರಿ ನಾನು ಬಾಯಲ್ಲೇ "ಸೋ ಸೋ" ಎಂದು ಮಳೆ ಸುರಿಸುತ್ತಿದ್ದಾಗ ಬಾಗಿಲಲ್ಲಿ ಕಾಣಿಸಿಕೊಂಡು, "ಏನಪ್ಪ ಅದು, ಮಳೆಯೋ ಕುಕ್ಕರ್ರೋ?" ಎಂದರು. ಮರುರಾತ್ರಿ ಒಂದು ಕೈಚೀಲದೊಂದಿಗೆ ಬಂದು ಮಂಚದ ಕಾಲುಗಡೆ ಕುರ್ಚಿ ಹಾಕಿಕೊಂಡರು. ಅಂದಿನಿಂದ ಆ ಕುರ್ಚಿ ಅಲ್ಲೇ ಇದೆ.

ಅವರ ಚೀಲದ ಬಗ್ಗೆ ಅನ್ಯಾಯವಾಗಿ ಮಾತನಾಡಲಾರೆ, ಅದು ಅದ್ಭುತವಾದದ್ದು. ಡಬ್ಬಿಯಲ್ಲಿ ಹಿಡಿಯಷ್ಟು ಕಾಳು ಹಾಕಿ ನಿಧಾನವಾಗಿ ಓರೆ ಮಾಡಿದರೆ ಮಳೆ. ಗರಗರ ಎನ್ನುವ ಪಾರದರ್ಶಕ ಹಾಳೆಯನ್ನು ಮುದುಡಿ ಮೆಲ್ಲಗೆ ಬಿಡಿಸಿಕೊಳ್ಳಲು ಬಿಟ್ಟರೆ ಬೆಂಕಿ ಚಟಚಟಗುಟ್ಟುತ್ತದೆ. ತೆಂಗಿನ ಕರಟದ ಎರಡು ಹೋಳುಗಳಿದ್ದರೆ ಕುದುರೆ. ಕೊಡೆಯನ್ನು ಅರ್ಧ ಬಿಡಿಸಿ ಮುಚ್ಚಿದರೆ ಗೂಬೆಯ ರೆಕ್ಕೆ ಬಡಿತ. ನಿಜವಾದ ಮಳೆಯನ್ನು ಧ್ವನಿಮುದ್ರಿಸಿ ಕೇಳಿಸಿದರೆ ಯಾರೋ ಏನನ್ನೋ ಹುರಿಯುತ್ತಿರುವಂತೆ ಕೇಳುತ್ತದೆ, ಕಾಳಿನ ಮಳೆಯೇ ಮಳೆಯಂತೆ ಕೇಳುತ್ತದೆ ಎಂಬುದು ಅಪ್ಪನ ಸಿದ್ಧಾಂತ. ಚಲನಚಿತ್ರದವರೂ ಇದನ್ನು ಒಪ್ಪುತ್ತಾರೆ. ಯೂನಿವರ್ಸಲ್ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ಜ್ಯಾಕ್ ಫೋಲಿ (1891–1967) ಎಂಬಾತ ಪರದೆಯ ಮೇಲಿನ ನಟರ ಹೆಜ್ಜೆಗೆ ಸರಿಯಾಗಿ ತಾನು ಹೆಜ್ಜೆ ಹಾಕಿ, ಬಟ್ಟೆ ಸರಿದಾಡಿದ ಸದ್ದನ್ನು ಬಟ್ಟೆ ಆಡಿಸಿ ಕೊಟ್ಟು ಈ ವಿದ್ಯೆಯನ್ನು ಒಂದು ವೃತ್ತಿಯಾಗಿ ಬೆಳೆಸಿದ. ಇಂದಿಗೂ ಆ ಕೆಲಸಕ್ಕೆ ಅವನ ಹೆಸರೇ ಇದೆ. ಆದರೆ ಫೋಲಿಯ ಮುಂದೆ ಪರದೆಯಿತ್ತು. ನಟ ಕಾಲಿಟ್ಟದ್ದನ್ನು ನೋಡಿ ಆತ ಕಾಲಿಡುತ್ತಿದ್ದ. ನಮ್ಮ ಅಪ್ಪನ ಮುಂದೆ ಇರುವುದು ಕತ್ತಲು ಮತ್ತು ನಾನು.

ಅಪ್ಪನಿಗೆ ಒಂದು ಅಭ್ಯಾಸ. ಸದ್ದಿಗೆ ಸಂಬಂಧಿಸಿದ ಮೊದಲ ಪದ ಕಿವಿಗೆ ಬಿದ್ದ ಕೂಡಲೇ ಸದ್ದು ಮಾಡಿಬಿಡುತ್ತಾರೆ, ವಾಕ್ಯ ಮುಗಿಯುವವರೆಗೆ ಕಾಯುವುದಿಲ್ಲ. "ಆಕಾಶದಲ್ಲಿ ಮೋಡ" ಎನ್ನುವಷ್ಟರಲ್ಲಿ ಮಳೆ ಸುರಿಯುತ್ತದೆ. "ಒಂದೂ ಇರಲಿಲ್ಲ, ಬೆಳದಿಂಗಳು ಹರಡಿತ್ತು" ಎಂಬ ನನ್ನ ಉಳಿದರ್ಧ ಆ ಮಳೆಯಲ್ಲಿ ಕೊಚ್ಚಿಹೋಗುತ್ತದೆ. "ಕಪ್ಪೆ ನೀರಿಗೆ" ಎಂದರೆ ಬಕೆಟ್ಟಿನಲ್ಲಿ ಕೈ ಬಡಿದು ಪಳಕ್ ಎನ್ನಿಸುತ್ತಾರೆ. ಕಪ್ಪೆ ನೀರಿಗೆ ಹೆದರುತ್ತಿತ್ತು ಎಂದು ಹೇಳಲು ನಾನು ಹೊರಟಿದ್ದೆ. ಇನ್ನು "ಗೂಬೆ" ಎಂಬ ಪದ ಬಾಯಿಂದ ಹೊರಟರೆ ಮುಗಿಯಿತು, ಕೊಡೆ ಬಿಚ್ಚಿಕೊಳ್ಳುತ್ತದೆ. ಗೂಬೆ ಎಲ್ಲಿ ಕೂತಿದೆ, ಏನು ಯೋಚಿಸುತ್ತಿದೆ, ಅದು ಗೂಬೆಯ ಚಿತ್ರವೇ ಅಥವಾ ಗೂಬೆಯ ಮಾತೇ, ಯಾವುದೂ ಲೆಕ್ಕಕ್ಕಿಲ್ಲ. ಒಮ್ಮೆ ಮಗಳು ಪದೇ ಪದೇ ಅಡ್ಡ ಬಾಯಿ ಹಾಕಿದಾಗ ನಾನು ಸಿಟ್ಟಿನಿಂದ, "ಗೂಬೆ, ಸುಮ್ಮನೆ ಮಲಗು" ಎಂದೆ. ಕಾಲುಗಡೆಯಿಂದ ಫಡಫಡ ಎಂದು ರೆಕ್ಕೆ ಬಡಿದವು.

ನಾಟಕದಲ್ಲಿ, ರೇಡಿಯೋದಲ್ಲಿ, ಸದ್ದಿನವನಿಗೆ ಕೊಡುವ ಸೂಚನೆ ವಾಕ್ಯದ ಕೊನೆಯ ಪದವಾಗಿರುತ್ತದೆ. ಅದಕ್ಕೆ ಮುಂಚೆ "ಸಿದ್ಧನಾಗಿರು" ಎಂಬ ಎಚ್ಚರಿಕೆ ಬೇರೆ ಇರುತ್ತದೆ. ಎಚ್ಚರಿಕೆಗೂ ಸೂಚನೆಗೂ ನಡುವೆ ಕೈ ತಡೆದು ಕೂರುವುದೇ ಆ ಕೆಲಸದ ಕಷ್ಟ. ಕನ್ನಡದಲ್ಲಿ ಇದು ಇನ್ನೂ ಅಗತ್ಯ, ಏಕೆಂದರೆ ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಎಲ್ಲಕ್ಕಿಂತ ಕೊನೆಗೆ, ಆ ಕ್ರಿಯೆ ನಡೆಯಿತೋ ಇಲ್ಲವೋ ಎಂಬುದು ಕ್ರಿಯಾಪದದ ಬಾಲದಲ್ಲಿ. ಬಾಲ ಕಾಣುವವರೆಗೆ ಕರಡಿ ಬಾಗಿಲು ತಟ್ಟಿತೋ, ತಟ್ಟಲಿಲ್ಲವೋ, ತಟ್ಟುವುದರಲ್ಲಿತ್ತೋ, ತಟ್ಟಬೇಕೆಂದುಕೊಂಡು ಸುಮ್ಮನಾಯಿತೋ ಬ್ರಹ್ಮನಿಗೂ ತಿಳಿಯದು. ಇದನ್ನು ನಾನು ಅಪ್ಪನಿಗೆ ಎಷ್ಟೋ ಸಲ ವಿವರಿಸಿದ್ದೇನೆ. "ಆಯ್ತಪ್ಪ, ಕೊನೇ ಪದಕ್ಕೇ ತಟ್ಟುತ್ತೇನೆ" ಎಂದು ಪ್ರತಿ ಸಲವೂ ಒಪ್ಪುತ್ತಾರೆ.

ನಿನ್ನೆ ರಾತ್ರಿ ಎಲ್ಲವೂ ಅಪರೂಪಕ್ಕೆ ಸುಗಮವಾಗಿ ಸಾಗಿತ್ತು. ಮಲಗಿಸುವ ಕಥೆಯ ಸದ್ದುಗಳಿಗೆ ನಾನೊಂದು ಕ್ರಮ ಇಟ್ಟುಕೊಂಡಿದ್ದೇನೆ: ಅವು ಇಳಿಜಾರಿನಲ್ಲಿ ಸಾಗಬೇಕು. ಮೊದಲ ಪುಟದಲ್ಲಿ ಕರಡಿಯ ಧಡಧಡ ಹೆಜ್ಜೆ, ಅದಾದ ಮೇಲೆ ನೀರಿನ ಸದ್ದು, ಆಮೇಲೆ ಸಣ್ಣ ಮಳೆ, ಕೊನೆಗೆ ಉಸಿರಾಟ. ಒಂದೇ ಸಮನಾದ ಸದ್ದಿನಲ್ಲಿ ನಿದ್ದೆ ಹತ್ತುತ್ತದೆ. ಥಟ್ಟನೆ ಏಳುವ ಸದ್ದು, ಅದು ಎಷ್ಟೇ ಸಣ್ಣದಿರಲಿ, ಬಂದ ನಿದ್ದೆಯನ್ನೂ ಓಡಿಸುತ್ತದೆ. ಪಾತ್ರಗಳ ಧ್ವನಿಯೂ ಹಾಗೆಯೇ. ಮೊದಲಿಗೆ ಕರಡಿಗೂ ಇಲಿಗೂ ಅಜಗಜಾಂತರವಿರಲಿ, ಕಥೆ ಮುಂದುವರಿದಂತೆ ಎಲ್ಲರೂ ಒಂದೇ ಮೆಲುದನಿಯತ್ತ ಸರಿಯಬೇಕು. ನಿನ್ನೆ ಆ ಇಳಿಜಾರಿನ ತಳಕ್ಕೆ ನಾವು ತಲುಪಿದ್ದೆವು. ಮಳೆ ನಿಂತಿತ್ತು. ಮಗಳ ಬೆರಳು ಹಾಳೆಯಿಂದ ಜಾರಿತ್ತು. ಕರಡಿ ಹಿಂದಿರುಗುವ ದಾರಿಯಲ್ಲಿ ಇಲಿಯ ಮನೆಯ ಮುಂದೆ ಮತ್ತೆ ಬಂದಿತ್ತು. ಕಥೆಯ ತಿರುಳೇ ಅಲ್ಲಿದೆ: ತನ್ನ ನಿದ್ದೆಗಾಗಿ ಊರನ್ನೆಲ್ಲ ಎಬ್ಬಿಸಿದ ಕರಡಿ ಮೊದಲ ಬಾರಿಗೆ ಇನ್ನೊಬ್ಬರ ನಿದ್ದೆಯನ್ನು ಕೆಡಿಸದೆ ಮುಂದೆ ಹೋಗುತ್ತದೆ, ಹೋಗಿ ತಾನೂ ಮಲಗುತ್ತದೆ.

ನಾನು ಧ್ವನಿಯನ್ನು ಇನ್ನೂ ಇಳಿಸಿ ಹೇಳಿದೆ: "ಒಳಗೆ ಇಲಿಮರಿಗಳು ಮಲಗಿದ್ದವು. ಆದ್ದರಿಂದ ಕರಡಿ ಬಾಗಿಲು ತಟ್ಟ..."

ಢಬ್ ಢಬ್ ಢಬ್.

ಮಂಚದ ಮರಕ್ಕೇ ಬಡಿದಿದ್ದರು. ಪೆಟ್ಟು ನನ್ನ ಬೆನ್ನಿಗೂ ತಲುಪಿತು. ಮಗಳು ಎದ್ದು ಕೂತಳು.

"ಯಾರು ಬಾಗಿಲು ತಟ್ಟಿದ್ದು?"

"ಯಾರೂ ಇಲ್ಲ. ಕರಡಿ ತಟ್ಟಲಿಲ್ಲ."

"ಸುಳ್ಳು. ನನಗೆ ಕೇಳಿಸ್ತು. ಮೂರು ಸಲ ತಟ್ಟಿತು."

"ಅದು ತಾತ ತಟ್ಟಿದ್ದು."

"ತಾತ ಯಾಕೆ ಇಲಿ ಮನೆಗೆ ಹೋದರು?"

ಈ ಪ್ರಶ್ನೆಗೆ ಉತ್ತರವಿಲ್ಲ. ಅಪ್ಪನ ಕಡೆ ತಿರುಗಿದರೆ, ಅವರು ಸಮಯಕ್ಕೆ ಸರಿಯಾಗಿ ಸದ್ದು ಕೊಟ್ಟ ತೃಪ್ತಿಯಲ್ಲಿ, ಮುಂದಿನ ಸೂಚನೆಗಾಗಿ ಕೊಡೆ ಹಿಡಿದು ಕೂತಿದ್ದರು. ಮಗಳ ನ್ಯಾಯ ಬಹಳ ಸರಳವಾದದ್ದು: ಕಥೆಯಲ್ಲಿ ಹೇಳಿದ್ದು ತಿದ್ದಬಹುದು, ಕೇಳಿಸಿದ್ದನ್ನು ತಿದ್ದಲು ಬರುವುದಿಲ್ಲ. ಬಾಗಿಲು ಬಡಿದ ಮೇಲೆ ಒಳಗಿನವರು ಏಳಲೇಬೇಕು. ಎದ್ದವರು ಬಾಗಿಲು ತೆರೆಯಬೇಕು. ಅಪ್ಪ ಕೂಡಲೇ ಕಿರ್ರ್ ಎನ್ನುವ ಕಪಾಟಿನ ಬಾಗಿಲನ್ನು ತೆರೆದು ಸಹಕರಿಸಿದರು. ತೆರೆದವರು ಯಾರು? ಇಲಿ ಆಗಲೇ ಒಮ್ಮೆ ಮಾತನಾಡಿಯಾಗಿತ್ತು, ಈ ಸಲ ಅದರ ಹೆಂಡತಿ ಬರಲಿ ಎಂದಳು ಮಗಳು. ಇಲಿಯ ಹೆಂಡತಿಗೆ ಇಲಿಯ ಧ್ವನಿಯನ್ನೇ ಕೊಟ್ಟರೆ ಒಪ್ಪಿಗೆಯಿಲ್ಲ. ಇಬ್ಬರು ಮಾತಿಗೆ ಮಾತು ಕೊಡುವಾಗ ಧ್ವನಿಗಳ ನಡುವೆ ಅಂತರವಿರಬೇಕೆಂಬ ನಿಯಮವನ್ನು ಅವಳಿಗೆ ಕಲಿಸಿದವನು ನಾನೇ. ನಗುವ ತುಟಿಯಲ್ಲೇ ಸ್ವಲ್ಪ ಮೂಗನ್ನು ಬೆರೆಸಿ, ನಿದ್ದೆಗೆಟ್ಟ ಗೃಹಿಣಿಯೊಬ್ಬಳನ್ನು ನಿಂತ ನಿಲುವಿನಲ್ಲಿ ತಯಾರಿಸಿದೆ. ಆಕೆ ಕರಡಿಯನ್ನು ತರಾಟೆಗೆ ತೆಗೆದುಕೊಂಡಳು. ಮರಿಗಳೆಲ್ಲ ಅತ್ತವು, ಒಂದೊಂದೂ ಬೇರೆ ಬೇರೆಯಾಗಿ. ಕರಡಿಗೆ ಸಿಟ್ಟು ಬರಬೇಕೆಂದು ಮಗಳು ತೀರ್ಪು ಕೊಟ್ಟಳು. ಸಿಟ್ಟಿನ ಕರಡಿ ದವಡೆ ಇಳಿಸಿ ಸಡಿಲವಾಗಿ ಮಾತನಾಡಲಾರದು. ಅದು ಗುರುಗುಟ್ಟಲೇಬೇಕು. ಗುರುಗುಟ್ಟಿದೆ, ಮತ್ತೆ ಮತ್ತೆ ಗುರುಗುಟ್ಟಿದೆ. ನಡುವೆ ಎಲ್ಲೋ ಯಾರೋ "ಗೂಬೆ" ಎಂದರು. ಕೊಡೆಯ ಕಡ್ಡಿ ನನ್ನ ಪಾದಕ್ಕೆ ತಗುಲಿತು.

ಹೊತ್ತು ಮೀರಿದ ಮೇಲೆ ಹೆಂಡತಿ ಬಂದು, "ನಾಳೆ ಎಲ್ಲರೂ ಬೇಗ ಏಳಬೇಕು, ಇಲಿಗಳೂ ಸೇರಿ" ಎಂದು ಒಂದೇ ಮಾತು ಹೇಳಿ ದೀಪ ಆರಿಸಿದಳು. ಎಲ್ಲರೂ ಮಲಗಿದರು. ಆ ಮಾತನ್ನು ಅವಳು ತನ್ನ ಧ್ವನಿಯಲ್ಲೇ ಹೇಳಿದ್ದಳು ಎಂಬುದು ನನ್ನನ್ನು ಬಹಳ ಹೊತ್ತು ಕಾಡಿತು.

ಬೆಳಿಗ್ಗೆ, ಇರುವಷ್ಟು ಗಂಟಲಿನಲ್ಲಿ ಅಪ್ಪನ ಹತ್ತಿರ ಜಗಳಕ್ಕೆ ಕೂತೆ. "ತಟ್ಟಲಿಲ್ಲ ಎನ್ನುವುದರೊಳಗೆ ನೀವು ತಟ್ಟಿಬಿಟ್ಟಿರಿ" ಎಂದೆ. ಅಪ್ಪ ಸ್ವಲ್ಪವೂ ಅಳುಕದೆ, "ನೀನು ತಟ್ಟಿತು ಅಂದೆಯಲ್ಲ" ಎಂದರು. ಅಂದಿಲ್ಲ ಎಂದೆ. ಅಂದೆ ಎಂದರು. ಹಾಳೆ ತಂದು ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿ, "ಬರೆದಿರಬಹುದು, ಆದರೆ ಹೇಳಲಿಲ್ಲ" ಎಂದರು. ಸರಿ, ಪರೀಕ್ಷೆ ಆಗಿಯೇಬಿಡಲಿ ಎಂದು ಅವರಿಗೆ ಬೆನ್ನು ಹಾಕಿ ನಿಂತು, ರಾತ್ರಿ ಹೇಳುವ ಅದೇ ಮೆಲುದನಿಯಲ್ಲಿ ಒಮ್ಮೆ "ಕರಡಿ ಬಾಗಿಲು ತಟ್ಟಿತು" ಎಂದೂ, ಇನ್ನೊಮ್ಮೆ "ಕರಡಿ ಬಾಗಿಲು ತಟ್ಟಲಿಲ್ಲ" ಎಂದೂ ಹೇಳಿ, ಎರಡನೆಯದು ಏನು ಎಂದು ಕೇಳಿದೆ.

"ಎರಡು ಸಲವೂ ಅದನ್ನೇ ಹೇಳಿದೆಯಲ್ಲ" ಎಂದರು ಅಪ್ಪ.

ನಮ್ಮ ಮಾತಿನಲ್ಲಿ ವಾಕ್ಯದ ಕೊನೆಗೆ ಉಸಿರು ಕಡಿಮೆಯಾಗಿ ಧ್ವನಿ ತಾನಾಗಿಯೇ ಇಳಿಯುತ್ತದೆ. ಮಲಗಿಸುವ ಕಥೆಯಲ್ಲಿ ನಾನು ಅದನ್ನು ಬೇಕೆಂದೇ ಇನ್ನಷ್ಟು ಇಳಿಸುತ್ತೇನೆ. ವಯಸ್ಸಾದ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣವಾದ ಸಣ್ಣ ಸದ್ದುಗಳನ್ನು. ವ್ಯಂಜನಗಳ ಅಂಚು ಮೊಂಡಾಗಿ, ಸ್ವರಗಳು ಮಾತ್ರ ಉಳಿಯುತ್ತವೆ. ಯಾರೋ ಮಾತನಾಡುತ್ತಿದ್ದಾರೆಂದು ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ. ಅಂದರೆ ಅಪ್ಪನಿಗೆ ಸಿಗುತ್ತಿದ್ದುದು ವಾಕ್ಯದ ಮುಂಭಾಗ ಮಾತ್ರ. ಮೋಡ, ನೀರು, ಬಾಗಿಲು, ಗೂಬೆ. ಉಳಿದದ್ದನ್ನು ಅವರು ಊಹೆಯಿಂದ ತುಂಬಿಕೊಂಡು, ಊಹಿಸಿದ ಕಥೆಗೆ ನಿಷ್ಠೆಯಿಂದ ಸದ್ದು ಕೊಡುತ್ತಿದ್ದರು. ನನ್ನ ಕಥೆಯಲ್ಲಿ ಮೋಡವಿರಲಿಲ್ಲ, ಅವರ ಕಥೆಯಲ್ಲಿ ಪ್ರತಿ ರಾತ್ರಿ ಮಳೆಯಾಗುತ್ತಿತ್ತು. ಅವರಿಗೆ ಕೇಳಿಸಿದ ಆ ಕಥೆ ಹೇಗಿತ್ತೋ, ಅದರ ಕರಡಿ ಕೊನೆಗೆ ಮಲಗಿತೋ ಇಲ್ಲವೋ, ಕೇಳಬೇಕೆನಿಸಿತು. ಕೇಳಲಿಲ್ಲ. "ಕಿವಿ ತೋರಿಸಿಕೊಂಡು ಬರೋಣ್ವಾ ಅಪ್ಪ?" ಎಂದೆ. "ಮೊದಲು ನಿನ್ನ ಗಂಟಲು ತೋರಿಸು" ಎಂದರು.

ಇಂದು ರಾತ್ರಿಯಿಂದ ಹೊಸ ವ್ಯವಸ್ಥೆ. ಇಲಿಯ ಮನೆಯ ಸಾಲನ್ನು ತಿದ್ದಿ ಬರೆದಿದ್ದೇನೆ. "ಕರಡಿ ತುದಿಗಾಲಿನಲ್ಲಿ ಮೆಲ್ಲಗೆ ಮುಂದೆ ಸಾಗಿತು" ಎಂಬುದರಲ್ಲಿ ಬಾಗಿಲೂ ಇಲ್ಲ, ಇಲ್ಲವೂ ಇಲ್ಲ, ತಟ್ಟಲು ಅಪ್ಪನಿಗೆ ಆಸ್ಪದವೇ ಇಲ್ಲ. ಸದ್ದಾಗಬಾರದ ಕಡೆಗಳಲ್ಲೆಲ್ಲ ಸದ್ದಿನ ಪದವನ್ನೇ ತೆಗೆದುಹಾಕುತ್ತಿದ್ದೇನೆ. ಸದ್ದು ಬೇಕಾದ ಕಡೆ ಮಾತಿನ ಸೂಚನೆಯ ಬದಲು ಬೆಳಕಿನ ಸೂಚನೆ: ಸಣ್ಣ ಟಾರ್ಚಿಗೆ ಕೆಂಪು ಕಾಗದ ಸುತ್ತಿದ್ದೇನೆ. ಬೆಳಕು ಹತ್ತಿದಾಗ ಸದ್ದು, ಆರಿದಾಗ ಮೌನ. ಧ್ವನಿಮುದ್ರಣದ ಕೋಣೆಗಳಲ್ಲಿಯೂ ಬೆರಳು ತೋರಿಸಿಯೋ ದೀಪ ಹತ್ತಿಸಿಯೋ ಹೀಗೆಯೇ ಸೂಚನೆ ಕೊಡುತ್ತಾರೆ. ಅಪ್ಪನಿಗೆ ಇದು ಬಹಳ ಹಿಡಿಸಿತು. ಮಂಚಕ್ಕೆ ಬಡಿಯುವ ಬದಲು, ಮಡಚಿದ ಬಟ್ಟೆಯ ಮೇಲೆ ಪುಸ್ತಕವಿಟ್ಟು ಬೆರಳ ಗಂಟಿನಿಂದ ತಟ್ಟಬೇಕೆಂಬ ಷರತ್ತನ್ನೂ ಗೊಣಗದೆ ಒಪ್ಪಿದರು. ಕರಡಿಯ ಮಾತುಗಳನ್ನು ಅವರಿಗೇ ವಹಿಸಿದ್ದೇನೆ. ವಯಸ್ಸಿನಿಂದ ತಾನಾಗಿಯೇ ಒರಟಾಗಿರುವ ಆ ಧ್ವನಿಗೆ ನಾನು ದವಡೆ ಇಳಿಸಿ ಮಾಡುವ ಕಸರತ್ತು ಯಾವುದೂ ಬೇಕಿಲ್ಲ.

ಒಪ್ಪಂದದಲ್ಲಿ ತೊಡಕು ಎದ್ದದ್ದು ಟಾರ್ಚನ್ನು ಯಾರು ಹಿಡಿಯಬೇಕೆಂಬ ವಿಷಯಕ್ಕೆ. ಹಾಳೆಯಲ್ಲಿ ಬಣ್ಣ ನೋಡುವವಳು ತಾನೇ ಆದ್ದರಿಂದ ಟಾರ್ಚೂ ತನ್ನದೇ ಎಂದು ಮಗಳು ಅದನ್ನು ವಶಪಡಿಸಿಕೊಂಡಿದ್ದಾಳೆ. ಬೆಳಿಗ್ಗೆಯಿಂದ ತಾತನ ಕೋಣೆಯಲ್ಲಿ ತಾಲೀಮು ನಡೆದಿದೆ; ಅವಳು ಬೆಳಕು ಹಾಕಿದಾಗಲೆಲ್ಲ ಏನಾದರೊಂದು ಸದ್ದಾಗುತ್ತಿದೆ. ಕಥೆಯನ್ನೂ ಅವರಿಬ್ಬರೇ ಸೇರಿ ವಿಸ್ತರಿಸಿದ್ದಾರೆಂದು ಈಗಷ್ಟೇ ತಿಳಿಯಿತು. ಕರಡಿ ಇನ್ನು ಮುಂದೆ ನಡೆದು ಹೋಗುವುದಿಲ್ಲವಂತೆ, ರೈಲಿನಲ್ಲಿ ಹೋಗುತ್ತದಂತೆ. ಅಪ್ಪ ಆಗಲೇ ಎರಡು ಮರದ ತುಂಡುಗಳಿಗೆ ಉಪ್ಪುಕಾಗದ ಅಂಟಿಸಿ ಒಂದಕ್ಕೊಂದು ಉಜ್ಜಿ ಹೊಗೆಬಂಡಿಯ ಝುಕುಝುಕು ಸಿದ್ಧಪಡಿಸಿದ್ದಾರೆ. ರೈಲಿನ ತೂಗಾಟಕ್ಕೆ ಕರಡಿಗೆ ನಿದ್ದೆ ಬಂದುಬಿಟ್ಟರೆ ಕಥೆ ಮುಗಿದುಹೋಗುತ್ತದೆಂಬ ಭಯದಿಂದ, ಅದೇ ಬೋಗಿಯಲ್ಲಿ ರಾತ್ರಿಯಿಡೀ ಅಳುವ ಮಗುವೊಂದನ್ನು ಕೂರಿಸಿದ್ದಾರೆ. ಆ ಮಗುವಿನ ಪಾತ್ರ ಯಾರದ್ದು ಎಂದು ಕೇಳಿದೆ. ಮಗಳು ಟಾರ್ಚಿನ ಬೆಳಕನ್ನು ನೇರವಾಗಿ ನನ್ನ ಮುಖಕ್ಕೆ ಬಿಟ್ಟಳು.